ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ಕ್ಯಾಪ್ಸೂಲ್: ರೋಗಿಗಳಿಗೆ ಮಾಹಿತಿ ಪತ್ರ

ಚಿಕ್ಕಮಗಳೂರು ಜಿಲ್ಲೆಯ ಓದುಗರಿಗಾಗಿ ಕನ್ನಡದಲ್ಲಿ

ಔಷಧ ಆರಂಭಿಸುವ ಮೊದಲು ಇದನ್ನು ಪೂರ್ತಿ ಓದಿ, ಚಿಕಿತ್ಸೆ ಮುಗಿಯುವವರೆಗೆ ಜೋಪಾನವಾಗಿಡಿ. ಇದು ಬ್ಯಾಕ್ಟೀರಿಯಾದಿಂದ ಬರುವ ಸೋಂಕುಗಳಿಗೆ ಕೊಡುವ ಔಷಧ. ಇಲಿ ಜ್ವರಕ್ಕೂ ಬಳಸುತ್ತಾರೆ. ನೆಗಡಿ, ಫ್ಲೂಗಳಂತಹ ವೈರಸ್ ಕಾಯಿಲೆಗಳಿಗೆ ಇದರಿಂದ ಉಪಯೋಗವಿಲ್ಲ.

ಯಾರು ಸೇವಿಸಬಾರದು

ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಿಗೆ ಅಲರ್ಜಿ ಇರುವವರು ಸೇವಿಸಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಹಾಗೂ 8 ವರ್ಷದೊಳಗಿನ ಮಕ್ಕಳಿಗೆ ವೈದ್ಯರು ವಿಶೇಷವಾಗಿ ಸೂಚಿಸದ ಹೊರತು ಕೊಡಬಾರದು, ಏಕೆಂದರೆ ಬೆಳೆಯುವ ಹಲ್ಲುಗಳ ಬಣ್ಣ ಶಾಶ್ವತವಾಗಿ ಕೆಡಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ.

ಸೇವಿಸುವ ವಿಧಾನ

ಇಲಿ ಜ್ವರಕ್ಕೆ ವಯಸ್ಕರು ಸಾಮಾನ್ಯವಾಗಿ ಬೆಳಿಗ್ಗೆ ಒಂದು, ರಾತ್ರಿ ಒಂದು ಕ್ಯಾಪ್ಸೂಲಿನಂತೆ 7 ದಿನ ಸೇವಿಸಬೇಕು. ವೈದ್ಯರ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಅದನ್ನೇ ಪಾಲಿಸಿ. ಜ್ವರ ಎರಡು ದಿನದಲ್ಲೇ ಇಳಿದರೂ ಕೋರ್ಸ್ ನಡುವೆ ನಿಲ್ಲಿಸಬೇಡಿ. ಪಕ್ಕದ ಲೈನ್ ಮನೆಯವರು ವಾರಕ್ಕೊಮ್ಮೆ ಸೇವಿಸುತ್ತಿದ್ದರೆ ಅದು ಸೋಂಕು ಬಾರದಂತೆ ಕೊಟ್ಟ ಬೇರೆ ಕ್ರಮವಾಗಿರಬಹುದು. ಅದನ್ನು ನೋಡಿ ನಿಮ್ಮದನ್ನು ಬದಲಿಸಬೇಡಿ.

ಊಟ ಅಥವಾ ತಿಂಡಿಯಾದ ಮೇಲೆ, ನೇರವಾಗಿ ಕುಳಿತು ಅಥವಾ ನಿಂತು, ಒಂದು ದೊಡ್ಡ ಲೋಟ ನೀರಿನೊಂದಿಗೆ ಇಡಿಯಾಗಿ ನುಂಗಿ. ಒಂದು ಗುಟುಕು ನೀರು ಕುಡಿದು ಕೂಡಲೇ ಮಲಗಿದರೆ ಕ್ಯಾಪ್ಸೂಲ್ ಅನ್ನನಾಳದಲ್ಲೇ ಅಂಟಿ, ಕರಗಿ, ಅಲ್ಲಿ ಹುಣ್ಣು ಮಾಡುತ್ತದೆ. ಆದ್ದರಿಂದ ನುಂಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬೇಡಿ. ರಾತ್ರಿಯ ಕ್ಯಾಪ್ಸೂಲನ್ನು ಹಾಸಿಗೆಗೆ ಹೋಗುವ ಹೊತ್ತಿಗೆ ಉಳಿಸಿಕೊಳ್ಳದಿರುವುದೇ ಒಳ್ಳೆಯದು.

ಹಾಲಿನೊಂದಿಗೆ ಸೇವಿಸಬೇಡಿ. ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆ ಉರಿಗೆ ಕುಡಿಯುವ ಆಂಟಾಸಿಡ್ ಇವು ಔಷಧ ಮೈಗೆ ಹತ್ತದಂತೆ ಮಾಡುವುದರಿಂದ ಎರಡು ಮೂರು ಗಂಟೆ ಅಂತರವಿರಲಿ. ಒಂದು ಹೊತ್ತು ಮರೆತರೆ ನೆನಪಾದಾಗ ಸೇವಿಸಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಸೇವಿಸಬೇಡಿ.

ಅಡ್ಡಪರಿಣಾಮಗಳು

ವಾಕರಿಕೆ, ವಾಂತಿ, ಭೇದಿ ಆಗಬಹುದು. ತೋಟ, ಗದ್ದೆಗಳಲ್ಲಿ ದುಡಿಯುವವರು ಮುಖ್ಯವಾಗಿ ತಿಳಿಯಬೇಕಾದದ್ದು ಬಿಸಿಲಿನ ವಿಷಯ: ಈ ಔಷಧ ಸೇವಿಸುವಾಗ ಸಾಧಾರಣ ಬಿಸಿಲಿಗೂ ಚರ್ಮ ಸುಟ್ಟಂತೆ ಕೆಂಪಾಗಿ ಉರಿಯಬಹುದು. ತುಂಬು ತೋಳಿನ ಅಂಗಿ, ಟೋಪಿ ಧರಿಸಿ.

ಮುಖ, ತುಟಿ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ಔಷಧ ನಿಲ್ಲಿಸಿ ಕೂಡಲೇ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಿ. ಮೈಮೇಲೆ ಗುಳ್ಳೆಗಳೆದ್ದರೆ, ಕಣ್ಣು ಮಂಜಾಗಿ ವಿಪರೀತ ತಲೆನೋವು ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ಅಥವಾ ನುಂಗುವಾಗ ಎದೆ ನೋಯುತ್ತಿದ್ದರೆ ಅಂದೇ ವೈದ್ಯರನ್ನು ಕಾಣಿ.

ಸಂಗ್ರಹಿಸುವ ವಿಧಾನ

30 ಡಿಗ್ರಿ ಸೆಲ್ಸಿಯಸ್ ಮೀರದ, ಬೆಳಕು ಮತ್ತು ತೇವ ತಾಗದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುವುದರಿಂದ, ಒಲೆಯ ಮೇಲಿನ ಅಟ್ಟ, ಬಚ್ಚಲು ಮನೆಯ ಗೂಡು, ಹೊರಗೋಡೆಗೆ ತಾಗಿದ ಕಪಾಟು ಸೂಕ್ತವಲ್ಲ; ಸ್ಟ್ರಿಪ್‌ನಲ್ಲಿಯೇ ಬಿಟ್ಟು, ಬಿಗಿಯಾದ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಮೆತ್ತಗಾದ, ಅಂಟಿಕೊಂಡ ಅಥವಾ ಬಣ್ಣ ಬದಲಾದ ಕ್ಯಾಪ್ಸೂಲನ್ನು ಅವಧಿ ಉಳಿದಿದ್ದರೂ ಬಳಸಬೇಡಿ. ಅವಧಿ ಮುಗಿದದ್ದನ್ನಂತೂ ಮುಟ್ಟಲೇಬೇಡಿ: ಈ ಗುಂಪಿನ ಔಷಧಗಳು ಕೆಟ್ಟ ಮೇಲೆ ಮೂತ್ರಪಿಂಡಕ್ಕೆ ಹಾನಿ ಮಾಡಿದ ನಿದರ್ಶನಗಳಿವೆ. ಉಳಿದ ಕ್ಯಾಪ್ಸೂಲುಗಳನ್ನು ಹಳ್ಳಕ್ಕೋ ಚರಂಡಿಗೋ ಎಸೆಯದೆ, ವಿಲೇವಾರಿ ಹೇಗೆಂದು ಔಷಧ ಕೊಂಡ ಮೆಡಿಕಲ್ ಶಾಪ್‌ನಲ್ಲಿ ಕೇಳಿ.