ಘಟನಾ ವರದಿ: 3ನೇ ನಂಬರ್ ಹಾಳೆ ಪ್ರೆಸ್‌ನಲ್ಲಿ ಕೈಗೆ ಗಾಯ (2024 ಜೂನ್ 12)

ವರದಿ ಬರೆದ ದಿನ: 2024 ಜೂನ್ 18, ಮಂಗಳವಾರ
ಜಾಗ: ಬದಿಯಡ್ಕ ಹತ್ತಿರದ ನಮ್ಮ ಅಡಿಕೆ ಹಾಳೆ ತಟ್ಟೆ ಘಟಕ, ಪ್ರೆಸ್ ಶೆಡ್
ಬರೆದವರು: ಶಿಫ್ಟ್ ಉಸ್ತುವಾರಿ

ಮೊದಲೇ ಒಂದು ಮಾತು. ಈ ವರದಿಯಲ್ಲಿ ಯಾರ ಹೆಸರೂ ಇಲ್ಲ. ಯಾರು ಅಂತ ಇಲ್ಲಿ ಎಲ್ಲರಿಗೂ ಗೊತ್ತು, ಬರೆದು ಗೋಡೆಗೆ ಅಂಟಿಸುವ ಅಗತ್ಯ ಇಲ್ಲ. ತಪ್ಪು ಯಾರದು ಅಂತ ಹುಡುಕುವುದು ಈ ಕಾಗದದ ಕೆಲಸ ಅಲ್ಲ. ಕೈ ಅಚ್ಚಿನೊಳಗೆ ಇರುವಾಗ ಯಾರೂ ಒತ್ತದ ಮೆಷಿನ್ ತಾನಾಗಿ ಹೇಗೆ ಓಡಿತು, ಇನ್ನೊಮ್ಮೆ ಓಡದ ಹಾಗೆ ಏನು ಮಾಡಿದ್ದೇವೆ, ಇಷ್ಟೇ ಇದರಲ್ಲಿದೆ. ಘಟನೆ ಆದಾಗ ನಾನು ಲೋಡಿಂಗ್ ಕಡೆ ಇದ್ದೆ, ಕಣ್ಣಾರೆ ನೋಡಿಲ್ಲ. ಶೆಡ್‌ನಲ್ಲಿದ್ದ ಏಳು ಜನರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿ, ಬಾಗಿಲ ಮೇಲಿನ ಕ್ಯಾಮರಾ ನೋಡಿ ಬರೆದಿದ್ದೇನೆ. ಆ ಕ್ಯಾಮರಾದ ಗಡಿಯಾರ ಫೋನಿಗಿಂತ ನಾಲ್ಕು ನಿಮಿಷ ಮುಂದಿದೆ. ಕೆಳಗಿನ ಸಮಯ ಎಲ್ಲಾ ಫೋನಿನ ಲೆಕ್ಕಕ್ಕೆ ಸರಿಮಾಡಿದ್ದು. ಕ್ಯಾಮರಾದಲ್ಲಿ ಆಪರೇಟರ್ ಬೆನ್ನು ಕಾಣುತ್ತದೆ, ಕೈ ಕಾಣುವುದಿಲ್ಲ.

ಯಾರಿಗೆ, ಏನಾಯಿತು

3ನೇ ಮೆಷಿನ್ ಆಪರೇಟರ್, 41 ವರ್ಷ, ಹಾಳೆ ಪ್ರೆಸ್‌ನಲ್ಲಿ ಆರು ವರ್ಷದ ಅನುಭವ. ಎಡಗೈಯ ತೋರುಬೆರಳು ಮತ್ತು ನಡುಬೆರಳು ಬಿಸಿ ಅಚ್ಚಿನ ನಡುವೆ ಸಿಕ್ಕಿದವು. ಎರಡೂ ಬೆರಳಿನ ಚರ್ಮ ಸುಟ್ಟಿದೆ, ನಡುಬೆರಳಿನ ತುದಿಯ ಎಲುಬು ಮುರಿದಿದೆ. ಬೆರಳು ಉಳಿದಿವೆ. ಜೂನ್ 15ಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಆರು ವಾರ ಕೆಲಸ ಬೇಡ ಅಂದಿದ್ದಾರೆ ಡಾಕ್ಟರ್, ಆಮೇಲೆ ನೋಡಿ ಹೇಳುತ್ತಾರಂತೆ.

ಆ ದಿನ ನಡೆದದ್ದು

8:30: ಕೆಲಸ ಶುರು. ಆರು ಪ್ರೆಸ್‌ನಲ್ಲಿ ಐದು ಓಡುತ್ತಿದ್ದವು, 6ನೇದರ ಅಚ್ಚು ಬದಲಿಸಲು ಬಿಚ್ಚಿಟ್ಟಿತ್ತು. ಹೊರಗೆ ಜೋರು ಮಳೆ.

9:10ರ ಹೊತ್ತಿಗೆ: ಹೀಟರ್ ಕಾದು ಮೊದಲ ತಟ್ಟೆಗಳು ಬಂದವು.

11:06: ಕರೆಂಟು ಹೋಯಿತು. ಜನರೇಟರ್ ತಾನಾಗಿ ಹಿಡಿಯಿತು. 3ನೇ ಮೆಷಿನ್ ಲಿವರ್ ಆಗ ನಡುವಿನಲ್ಲಿತ್ತು, ಹಾಗಾಗಿ ಮೋಟರ್ ತಿರುಗಿದರೂ ಅಚ್ಚು ಅಲ್ಲಾಡಲಿಲ್ಲ. ಯಾರಿಗೂ ಏನೂ ಅನಿಸಲಿಲ್ಲ.

11:19: ಕರೆಂಟು ಬಂತು.

11:41: ಮತ್ತೆ ಹೋಯಿತು. ಈ ಸಲ 3ನೇ ಮೆಷಿನ್‌ನ ಮೇಲಿನ ಅಚ್ಚು ಇಳಿಯುತ್ತಾ ಇತ್ತು, ಲಿವರ್ 'ಕೆಳಗೆ' ಸ್ಥಾನದಲ್ಲಿ. ಪಂಪು ನಿಂತಿತು, ಅಚ್ಚು ಅರ್ಧದಲ್ಲಿ ನಿಂತಿತು. ಕೆಳಗಿನ ಅಚ್ಚಿಗೂ ಅದಕ್ಕೂ ನಾಲ್ಕು ಬೆರಳಿನಷ್ಟು ಅಂತರ. ಎಡಬದಿಯ ಅಚ್ಚಿನಲ್ಲಿದ್ದ ಹಾಳೆ ಜಾರಿ ಓರೆಯಾಗಿತ್ತು. ನೆನೆಸಿದ ಹಾಳೆ ಅಲ್ವಾ, ಜಾರುವುದು ದಿನಾ ಇದ್ದದ್ದೇ. ಅದನ್ನು ಸರಿಮಾಡಲು ಆಪರೇಟರ್ ಎಡಗೈ ಒಳಗೆ ಹಾಕಿದರು. ಮೆಷಿನ್ ಸತ್ತಿತ್ತು, ಸದ್ದಿಲ್ಲ, ಶೆಡ್ ಕತ್ತಲು. ಆ ಸ್ಥಿತಿಯಲ್ಲಿ ಯಾರೇ ಇದ್ದಿದ್ದರೂ ಹಾಗೇ ಮಾಡುತ್ತಿದ್ದರು. ಮಾತಾಡಿದ ಏಳು ಜನರಲ್ಲಿ ಐವರು, ತಾವೂ ಕರೆಂಟು ಹೋದಾಗ ಹಾಗೆ ಮಾಡಿದ್ದೇವೆ ಅಂತ ತಾವಾಗಿಯೇ ಹೇಳಿದರು.

14 ಸೆಕೆಂಡ್ ನಂತರ: ಜನರೇಟರ್ ಲೈನಿಗೆ ಬಂತು. 3ನೇ ಮೆಷಿನ್ ಮೋಟರ್ ತಾನೇ ತಿರುಗಿತು, ಅಚ್ಚು ಇಳಿಯಿತು.

ಅದಾಗಿ 5 ಸೆಕೆಂಡ್: 2ನೇ ಮೆಷಿನ್ ಆಪರೇಟರ್ ಹಾರಿ ಬಂದು ಲಿವರನ್ನು 'ಮೇಲೆ' ಎಳೆದರು. ಅಚ್ಚು ಎದ್ದಿತು, ಕೈ ಹೊರಬಂತು.

11:43: ಹಾಳೆ ತೊಳೆಯುವ ನಳ್ಳಿಯ ಕೆಳಗೆ ಕೈ ಹಿಡಿಸಿದರು. ಬಾವು ಬರುವ ಮೊದಲೇ ಉಂಗುರ ತೆಗೆಸಿದ್ದು ಪ್ಯಾಕಿಂಗ್ ವಿಭಾಗದ ಅಕ್ಕ. ಯಾರೋ ತೆಂಗಿನೆಣ್ಣೆ ತಂದಿದ್ದರು, ಅದನ್ನು ಹಚ್ಚಲು ಅವರೇ ಬಿಡಲಿಲ್ಲ. 20 ನಿಮಿಷ ನೀರು ಹರಿಸಿ, ತೊಳೆದ ಒದ್ದೆ ಬಟ್ಟೆ ಸಡಿಲವಾಗಿ ಸುತ್ತಿದರು. ಚಿಕಿತ್ಸೆ ಕೊಟ್ಟ ಡಾಕ್ಟರ್ ಇದನ್ನು ಒಳ್ಳೆಯದಾಯಿತು ಅಂದರು.

12:05: ಕಾರಿನಲ್ಲಿ ಹೊರಟೆವು. ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಮಾಡಿ ಮಂಗಳೂರಿಗೆ ಕಳಿಸಿದರು. ಮಧ್ಯಾಹ್ನ 2:40ಕ್ಕೆ ಅಲ್ಲಿ ತಲುಪಿದ್ದು. ಸಂಜೆ ಆಪರೇಷನ್ ಆಯಿತು.

12:15: ಎಲ್ಲಾ ಪ್ರೆಸ್ ನಿಲ್ಲಿಸಿದೆವು. 3ನೇದರ ವೈರ್ ಬಿಚ್ಚಿ, ಮೇನ್ ಬೋರ್ಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಆಫೀಸಿನಲ್ಲಿ ಇಟ್ಟೆವು.

ಮೆಷಿನ್ ಯಾಕೆ ತಾನಾಗಿ ಓಡಿತು

ಜೂನ್ 13ಕ್ಕೆ ಎಲೆಕ್ಟ್ರಿಷಿಯನ್ ಕರೆಸಿ ಒಂದು ಸುಲಭದ ಪರೀಕ್ಷೆ ಮಾಡಿದೆವು. ಅಚ್ಚು ಖಾಲಿ, ಹೀಟರ್ ಆಫ್, ಎಲ್ಲರೂ ದೂರ. ಲಿವರ್ 'ಕೆಳಗೆ' ಇಟ್ಟು ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡುವುದು. 1, 2, 4 ಮತ್ತು 6 ಸುಮ್ಮನಿದ್ದವು. 3 ಮತ್ತು 5 ತಾವಾಗಿ ಓಡಿದವು. 5ನೇದು ಓಡಿದ್ದು ನೋಡಿ ಶೆಡ್‌ನಲ್ಲಿದ್ದವರೆಲ್ಲಾ ಒಮ್ಮೆ ಸುಮ್ಮನಾದರು, ಯಾಕೆಂದರೆ ಅದರ ಬಗ್ಗೆ ಯಾರಿಗೂ ಸಂಶಯವೇ ಇರಲಿಲ್ಲ.

ವ್ಯತ್ಯಾಸ ಸ್ಟಾರ್ಟರ್‌ನಲ್ಲಿದೆ. ಸ್ಟಾರ್ಟರ್ ಒಳಗೆ ಒಂದು ಕಾಯಿಲ್ ಇರುತ್ತದೆ. ಕರೆಂಟು ಹೋದ ಕೂಡಲೇ ಅದು ಮೋಟರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರನ್ನು ಬಿಟ್ಟುಬಿಡುತ್ತದೆ. ಕರೆಂಟು ಬಂದರೂ ಯಾರಾದರೂ ಹಸಿರು ಬಟನ್ ಒತ್ತುವ ತನಕ ಮೋಟರ್ ತಿರುಗುವುದಿಲ್ಲ. ನಾವೆಲ್ಲಾ ಸ್ಟಾರ್ಟರ್ ಇರುವುದು ಮೋಟರ್ ಸುಡದ ಹಾಗೆ ನೋಡಲು ಅಂದುಕೊಂಡಿದ್ದೆವು. ಕೈ ಉಳಿಸುವ ಕೆಲಸವೂ ಅದರದ್ದೇ. ಕಳೆದ ಮಳೆಗಾಲದಲ್ಲಿ 3 ಮತ್ತು 5ರ ಸ್ಟಾರ್ಟರ್ ಸುಟ್ಟಿದ್ದವು. ಆಗ ಆರ್ಡರ್ ಮುಗಿಸಲು ತಿರುಗಿಸುವ ಸ್ವಿಚ್ ಹಾಕಿ ಓಡಿಸಿದೆವು, ಅದು ಹಾಗೇ ಉಳಿಯಿತು. ಅಂಥ ಸ್ವಿಚ್ ಆನ್‌ನಲ್ಲಿದ್ದರೆ ಆನ್‌ನಲ್ಲೇ ಇರುತ್ತದೆ, ಕರೆಂಟು ಬಂದರೆ ಮೋಟರ್ ಓಡುತ್ತದೆ.

ಹಾಗಾದರೆ ಇಷ್ಟು ತಿಂಗಳು ಏನೂ ಆಗಲಿಲ್ಲ ಯಾಕೆ? ಇದಕ್ಕೆ ಉತ್ತರ ಜನರೇಟರ್ ರೂಮಿನಲ್ಲಿದೆ. ಮಾರ್ಚ್ ತನಕ ಜನರೇಟರನ್ನು ಕೈಯಲ್ಲೇ ಚಾಲು ಮಾಡುತ್ತಿದ್ದೆವು. ಯಾರಾದರೂ ಹೋಗಿ ಸ್ಟಾರ್ಟ್ ಮಾಡಿ, ಚೇಂಜ್‌ಓವರ್ ಎಳೆಯುವ ಮೊದಲು "ಕರೆಂಟು ಕೊಡ್ತೇನೆ, ನೋಡಿಕೊಳ್ಳಿ" ಅಂತ ಕೂಗುತ್ತಿದ್ದರು. ಅದಕ್ಕೆ ಐದಾರು ನಿಮಿಷ ಹಿಡಿಯುತ್ತಿತ್ತು, ಅಚ್ಚು ತಣಿದು ತಟ್ಟೆ ಹಾಳಾಗುತ್ತಿತ್ತು. ಅದಕ್ಕೇ ಮಾರ್ಚ್‌ನಲ್ಲಿ ಆಟೋಮ್ಯಾಟಿಕ್ ಚೇಂಜ್‌ಓವರ್ ಹಾಕಿಸಿದ್ದು. ಒಳ್ಳೆಯ ಕೆಲಸವೇ. ಆದರೆ ಆ ಕೂಗು ಕೂಡ ಒಂದು ರಕ್ಷಣೆ ಆಗಿತ್ತು, ಅದು ಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಐದಾರು ನಿಮಿಷ 14 ಸೆಕೆಂಡ್ ಆಯಿತು, ಕೈಗಳ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು.

ಮೂರನೆಯದು ಲಿವರ್. ಬಿಟ್ಟ ಜಾಗದಲ್ಲೇ ನಿಲ್ಲುವ ಲಿವರ್ ಅದು, ತಾನಾಗಿ ನಡುವಿಗೆ ಬರುವುದಿಲ್ಲ. ಆರೂ ಮೆಷಿನ್‌ನಲ್ಲಿ ಅದೇ ಇದೆ, ಬಂದದ್ದೇ ಹಾಗೆ. ಮುಂದುಗಡೆ ಜಾಲರಿ ಯಾವುದರಲ್ಲೂ ಇರಲಿಲ್ಲ.

ಎಮರ್ಜೆನ್ಸಿ ಬಟನ್ ಬಗ್ಗೆ

ಮೀಟಿಂಗ್‌ನಲ್ಲಿ ಎಲ್ಲರೂ ಮೊದಲು ಹೇಳಿದ್ದು, ಕೆಂಪು ಬಟನ್ ಹಾಕಿಸಿ ಅಂತ. ಹಾಕುತ್ತೇವೆ. ಆದರೆ ಒಂದು ವಿಷಯ ಗಮನಿಸಿ. ಜೂನ್ 12ಕ್ಕೆ ಬಟನ್ ಇದ್ದು, ಓಡಿ ಬಂದವರು ಅದನ್ನೇ ಒತ್ತಿದ್ದರೆ ಪಂಪು ನಿಲ್ಲುತ್ತಿತ್ತು, ಅಚ್ಚು ಮಾತ್ರ ಮೇಲೆ ಏಳುತ್ತಿರಲಿಲ್ಲ. ಕೈ ಬಿಸಿ ಅಚ್ಚಿನ ನಡುವೆಯೇ ಇರುತ್ತಿತ್ತು. ಕೈ ಸಿಕ್ಕಿದರೆ ಮೊದಲು ಲಿವರ್ ಮೇಲೆ, ಕೈ ಹೊರಬಂದ ಮೇಲೆ ಬಟನ್. ಕೈ ಸಿಕ್ಕಿಲ್ಲ, ಬೇರೆ ಏನೋ ಎಡವಟ್ಟು ಅಂದರೆ ನೇರ ಬಟನ್. ಕೈ ಸಿಕ್ಕಿರುವಾಗಲೇ ಕರೆಂಟು ಹೋದರೆ? ಲಿವರ್ ಎಳೆದರೂ ಪ್ರಯೋಜನ ಇಲ್ಲ. ಅದಕ್ಕೆ ಕೈಯಲ್ಲಿ ಒತ್ತಿ ಅಚ್ಚು ಎತ್ತುವ ಹ್ಯಾಂಡ್ ಪಂಪು ಬೇಕು. ನಮ್ಮಲ್ಲಿ ಇರಲಿಲ್ಲ, ಎರಡಕ್ಕೆ ಆರ್ಡರ್ ಕೊಟ್ಟಿದ್ದೇವೆ.

ಮಾಡಿದ್ದು, ಮಾಡಬೇಕಾದ್ದು

3 ಮತ್ತು 5ಕ್ಕೆ ಹೊಸ ಸ್ಟಾರ್ಟರ್: 3ಕ್ಕೆ ಜೂನ್ 17ರಂದು ಹಾಕಿ ಆಯಿತು, ಅದೇ ಪರೀಕ್ಷೆ ಮೂರು ಸಲ ಮಾಡಿ ನೋಡಿದೆವು, ಓಡಲಿಲ್ಲ. 5ರದ್ದು ಜೂನ್ 24ರ ಒಳಗೆ, ಅಲ್ಲಿಯ ತನಕ ಅದಕ್ಕೆ ಬೀಗ. ಜವಾಬ್ದಾರಿ ಎಲೆಕ್ಟ್ರಿಷಿಯನ್ ಮತ್ತು ನನ್ನದು. ಈ ಪರೀಕ್ಷೆಯನ್ನು ಇನ್ನು ಪ್ರತಿ ತಿಂಗಳ ಮೊದಲ ಸೋಮವಾರ ಆರೂ ಮೆಷಿನ್‌ಗೆ ಮಾಡುತ್ತೇವೆ, ಪುಸ್ತಕ ಬಾಗಿಲ ಹತ್ತಿರ ತೂಗುತ್ತದೆ.

ಜನರೇಟರ್: ಜೂನ್ 13ರಿಂದ ಮತ್ತೆ ಕೈಯಲ್ಲೇ. ಬೆಲ್ ಹಾಕಿ, ಆಟೋಮ್ಯಾಟಿಕ್‌ಗೆ ಒಂದು ನಿಮಿಷದ ತಡೆ ಕೊಟ್ಟು, ಬೆಲ್ ಮೊದಲು ಹೊಡೆಯುವ ಹಾಗೆ ಆದ ಮೇಲೆ ಮಾತ್ರ ಅದಕ್ಕೆ ಹಿಂದಿರುಗುವುದು. ತಟ್ಟೆ ಒಂದಿಷ್ಟು ಹಾಳಾಗಲಿ.

ಲಿವರ್ ಮತ್ತು ಜಾಲರಿ: ಇದರಲ್ಲಿ ಚರ್ಚೆ ಜಾಸ್ತಿ ಆಯಿತು. ಕೈ ಬಿಟ್ಟರೆ ನಡುವಿಗೆ ಬರುವ ಸ್ಪ್ರಿಂಗ್ ಲಿವರ್ ಹಾಕೋಣ ಅಂದೆ. "ತಟ್ಟೆ ಬೇಯುವಷ್ಟು ಹೊತ್ತು ಅದನ್ನು ಹಿಡಿದುಕೊಂಡೇ ನಿಂತರೆ ಮುಂದಿನ ಹಾಳೆ ಎತ್ತಿಕೊಡುವುದು ಯಾರು ಅಣ್ಣಾ?" ಅಂತ 1ನೇ ಮೆಷಿನ್ ಅಕ್ಕ ಕೇಳಿದರು. ಸರಿಯಾದ ಮಾತು, ಅಂಥ ಲಿವರನ್ನು ಎರಡೇ ದಿನಕ್ಕೆ ಹಗ್ಗ ಕಟ್ಟಿ ಓಡಿಸುತ್ತೇವೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಬೇರೆ ದಾರಿ ಹಿಡಿದಿದ್ದೇವೆ. ಮುಂದೆ ಎತ್ತಿ ಇಳಿಸುವ ಜಾಲರಿ, ಅದಕ್ಕೆ ಒಂದು ಸರಳು. ಜಾಲರಿ ಎತ್ತಿದರೆ ಸರಳು ಲಿವರನ್ನು 'ಕೆಳಗೆ'ಯಿಂದ ನಡುವಿಗೆ ತಳ್ಳುತ್ತದೆ, ಎತ್ತಿರುವಾಗ ಲಿವರ್ ಕೆಳಗೆ ಹೋಗುವುದಿಲ್ಲ, ಮೇಲೆ ಹೋಗುತ್ತದೆ. ಪಕ್ಕದ ವೆಲ್ಡಿಂಗ್ ಶಾಪಿನವರು ಜೂನ್ 20ಕ್ಕೆ 1ನೇ ಮೆಷಿನ್‌ಗೆ ಕೂರಿಸಿ ಕೊಡುತ್ತಾರೆ. ಒಂದು ವಾರ ಓಡಿಸಿ, ಆಪರೇಟರ್‌ಗಳು ಒಪ್ಪಿದ ಮೇಲೆ ಉಳಿದ ಐದಕ್ಕೆ.

ಜಾರಿದ ಹಾಳೆ ಸರಿಮಾಡಲು ಮರದ ಉದ್ದ ಇಕ್ಕಳ ಎಲ್ಲಾ ಮೆಷಿನ್ ಪಕ್ಕ ತೂಗಿಸಿ ಆಯಿತು. ಕರೆಂಟು ಹೋದರೆ ಲಿವರ್ ನಡುವಿಗೆ ತಂದು ಒಂದು ಹೆಜ್ಜೆ ಹಿಂದೆ ನಿಲ್ಲುವುದು, ಬೆಲ್ ಆಗಿ ಮೆಷಿನ್ ನೋಡಿದ ಮೇಲೆ ಹಸಿರು ಬಟನ್. ಇದನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿದ್ದೇವೆ. ಅಂಚು ಕತ್ತರಿಸುವ ಅಸ್ಸಾಮಿನ ಇಬ್ಬರು ಹುಡುಗರಿಗೆ ಎರಡೂ ಓದಲು ಬರುವುದಿಲ್ಲ, ಅವರಿಗಾಗಿ ಚಿತ್ರವೂ ಇದೆ. ಮೆಷಿನ್ ಎದುರು ನಿಲ್ಲಿಸಿ ಒಮ್ಮೊಮ್ಮೆ ಮಾಡಿಸಿಯೂ ನೋಡಿದ್ದೇವೆ.

ಕಾಗದಪತ್ರ ಮತ್ತು ಸಂಬಳ

ಗಾಯದಿಂದ 48 ಗಂಟೆ ಅಥವಾ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ 1948ರ ಫ್ಯಾಕ್ಟರಿ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕಿತ್ತು, ತಿಳಿಸಿದ್ದೇವೆ. ಇಎಸ್‌ಐಗೆ ಅಪಘಾತದ ವರದಿ ಜೂನ್ 13ಕ್ಕೇ ಹೋಗಿದೆ. ಕೆಲಸದಲ್ಲಿ ಆದ ಗಾಯಕ್ಕೆ ಇಎಸ್‌ಐ ಸಂಬಳದ 90 ಶೇಕಡಾ ಕೊಡುತ್ತದೆ, ಉಳಿದ 10 ಘಟಕ ಕೊಡುತ್ತದೆ. ಆಪರೇಟರ್ ಮನೆಗೆ ನಾನು ಮತ್ತು ಪ್ಯಾಕಿಂಗ್ ಅಕ್ಕ ಹೋಗಿ ಈ ವರದಿ ಓದಿ ಹೇಳಿದೆವು. ಒಂದು ಕಡೆ ಅವರು ತಿದ್ದಿದರು: ಮೊದಲ ಕರಡಿನಲ್ಲಿ ಅಂತರ ಒಂದು ಗೇಣು ಅಂತ ಇತ್ತು, ಅಷ್ಟಿರಲಿಲ್ಲ, ನಾಲ್ಕು ಬೆರಳು ಅಂದರು. ಹಾಗೇ ಬರೆದಿದ್ದೇನೆ.

ಮುಂದಿನ ಪರಿಶೀಲನೆ ಜುಲೈ 1, ಸೋಮವಾರ, ಬೆಳಗ್ಗೆ 8:30, ಪ್ರೆಸ್ ಶೆಡ್‌ನಲ್ಲೇ. ಜಾಲರಿ, ಬೆಲ್, ಕೆಂಪು ಬಟನ್, ಹ್ಯಾಂಡ್ ಪಂಪು, ಈ ನಾಲ್ಕು ಎಲ್ಲಿಗೆ ಬಂತು ಅಂತ ನೋಡುವುದು. ಅಷ್ಟರೊಳಗೆ ಯಾರಿಗಾದರೂ ಇದರಲ್ಲಿ ಏನಾದರೂ ಸರಿ ಇಲ್ಲ ಅಂತ ಕಂಡರೆ ಬಂದು ಹೇಳಿ, ಅಥವಾ ಬಾಗಿಲ ಹತ್ತಿರದ ಪುಸ್ತಕದಲ್ಲಿ ಬರೆಯಿರಿ, ಹೆಸರು ಹಾಕದಿದ್ದರೂ ಆಗುತ್ತದೆ.