ತಿಲ್ಲಾನದ ಕೊನೆಯ ಸುತ್ತು: ವಿಡಿಯೊ ಪ್ರಾಂಪ್ಟ್

8 ಸೆಕೆಂಡಿನ ವಿಡಿಯೊ, 16:9. ರಾತ್ರಿ, ಹಳೆಯ ಸಭಾಂಗಣದ ಮರದ ಹಾಸಿನ ವೇದಿಕೆ, ಹಿಂದೆ ಕಪ್ಪು ಪರದೆ. ಒಂದು ಮೂಲೆಯಲ್ಲಿ ಹಿತ್ತಾಳೆಯ ನಟರಾಜ, ಮಲ್ಲಿಗೆ ಹಾರ, ಉರಿಯುವ ದೀಪ. ಸುಮಾರು ಇಪ್ಪತ್ತೈದರ ಭರತನಾಟ್ಯ ಕಲಾವಿದೆ ತಿಲ್ಲಾನ ಮುಗಿಸುತ್ತಿದ್ದಾಳೆ.

ಅರೆಮಂಡಿಯಿಂದ ಎದ್ದು ಚಕ್ರಭ್ರಮರಿ: ಎರಡೂ ಕೈಯಲ್ಲಿ ತ್ರಿಪತಾಕ, ಪಾದ ನೆಲ ಬಿಡದೆ ಬಲಕ್ಕೆ ಮೂರು ಸುತ್ತು, ಮತ್ತೆ ಅರೆಮಂಡಿಯಲ್ಲಿ ಗಟ್ಟಿಯಾಗಿ ನಿಲುವು. ಜಡೆ ಮೈಗಿಂತ ಅರೆಕ್ಷಣ ತಡವಾಗಿ ಸುತ್ತಿ ಬಂದು ಸೊಂಟದ ಡಾಬಿಗೆ ತಾಗಲಿ.

ಉಡುಪು ಕುಂಕುಮಗೆಂಪು ರೇಷ್ಮೆ, ಅಗಲ ಜರಿ ಅಂಚು. ಇದು ಹೊಲಿದ ಕಚ್ಚೆ ಉಡುಪು; ಕಥಕ್ ಲಂಗದಂತೆ ಕೊಡೆಯಾಗಿ ಅರಳಲೇಬಾರದು. ಮಂಡಿ ಬಾಗಿದಾಗ ಮಾತ್ರ ನಡುವಿನ ನಿರಿಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳಬೇಕು. ತಲೆಯಲ್ಲಿ ಸೂರ್ಯ, ಚಂದ್ರ, ಬೈತಲೆಬೊಟ್ಟು. ಕೆಂಪು ಕಲ್ಲುಗಳು ಬೆಳಕಿಗೆ ತಿರುಗಿದಾಗಷ್ಟೇ ಮಿಂಚಲಿ, ಮೈಯೆಲ್ಲ ಮಿನುಗುಪುಡಿ ಬೇಡ.

ಮೇಲಿನಿಂದ ಜೇನುಬಣ್ಣದ ಸ್ಪಾಟ್‌ಲೈಟ್, ಹಿಂದಿನಿಂದ ತೆಳು ನೀಲಿ. ಕೊನೆಯ ಸುತ್ತಿಗೆ ಜೇನುಬಣ್ಣ ಕೇಸರಿಯಾಗಲಿ.

ಕ್ಯಾಮೆರಾ ಸೊಂಟದೆತ್ತರದಲ್ಲಿ, ನಿಧಾನವಾಗಿ ಹತ್ತಿರ. ಸೆರಗಿನಂಚು, ಜಡೆ ಮಸುಕಾಗಬಹುದು. ಮುಖ, ಬೆರಳು ಸ್ಪಷ್ಟವಾಗಿರಲಿ. ಪ್ರತಿ ಕೈಗೂ ಐದೇ ಬೆರಳು, ತ್ರಿಪತಾಕದಲ್ಲಿ ಉಂಗುರಬೆರಳು ಮಡಚಿರಲೇಬೇಕು. ಕೊನೆಯ ಚೌಕಟ್ಟು: ಅಲ್ತಾ ಹಚ್ಚಿದ ಪಾದ, ಇನ್ನೂ ನಡುಗುತ್ತಿರುವ ಗೆಜ್ಜೆ.