ಅತ್ತಿಗೆ, ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ

ಅತ್ತಿಗೆ, ಶನಿವಾರ ಅಣ್ಣನ ಹುಟ್ಟುಹಬ್ಬಕ್ಕೆ ಯಾರು ಯಾವಾಗ ಹಾಡಬೇಕು, ಕುಣಿಯಬೇಕು ಅನ್ನುವ ಪಟ್ಟಿ ನೋಡಿದೆ. ಮಕ್ಕಳ ಡ್ಯಾನ್ಸ್ ಆದಮೇಲೆ ನನ್ನ ಹಾಡು ಅಂತ ಬರೆದಿದ್ದೀರಿ. ನಿಜವಾಗಿಯೂ ಖುಷಿಯಾಯಿತು. ಆವತ್ತು ಪಾಪುವನ್ನು ಮಲಗಿಸುವಾಗ ನಾನು ಹಾಡಿದ್ದನ್ನು ನೀವು ಇನ್ನೂ ನೆನಪಿಟ್ಟುಕೊಂಡಿದ್ದೀರಿ ಅಲ್ವಾ! ಆದರೆ ಶನಿವಾರ ನಾನು ಹಾಡಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಇದು ಬಿಗುಮಾನ ಅಲ್ಲ, ಇನ್ನೆರಡು ಸಲ ಕರೆಯಲಿ ಅಂತ ಸುಮ್ನೆ ಹೇಳುತ್ತಿರುವುದೂ ಅಲ್ಲ. ಪಾಪು ಪಕ್ಕ ಮಲಗಿ ಹಾಡುವುದು ಬೇರೆ, 40 ಜನ ಮಾತು ನಿಲ್ಲಿಸಿ ನನ್ನ ಕಡೆ ತಿರುಗುವುದು ಬೇರೆ. ಆಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಒಂದು ಸಾಲು ಮುಗಿಯುವ ಮೊದಲೇ ಉಸಿರು ಮುಗಿದಿರುತ್ತದೆ, ಉಸಿರೇ ಹಿಡಿತದಲ್ಲಿ ಇಲ್ಲದಿದ್ದರೆ ದನಿ ಎಲ್ಲಿ ನಿಲ್ಲಬೇಕು ಹೇಳಿ. ಹಾಡಿದರೆ ತಾನಾಗಿ ಭಯ ಹೋಗುತ್ತೆ ಅಂತ ಅಣ್ಣ ಹೇಳುತ್ತಿರುತ್ತಾನೆ. ಇರಬಹುದು. ಆದರೆ ಪಟ್ಟಿಯಲ್ಲಿ ಹೆಸರಿದ್ದರೆ ನನ್ನ ಸರದಿ ಯಾವಾಗ ಬರುತ್ತೋ ಅಂತ ಎಣಿಸುತ್ತಾ ಕೂತಿರುತ್ತೇನೆ, ಬೇರೆಯವರ ಹಾಡು ಕಿವಿಗೇ ಬೀಳುವುದಿಲ್ಲ. ಅವನ ಹುಟ್ಟುಹಬ್ಬದ ಸಂಜೆಯನ್ನು ಹಾಗೆ ಕಳೆಯೋಕೆ ನನಗೆ ಇಷ್ಟ ಇಲ್ಲ. ಮಾವ ಹಾಡುವಾಗ ನಾನು ಮುಂದಿನ ಸಾಲಲ್ಲಿ ಕೂತು ತಾಳ ಹಾಕಬೇಕು.

ಬೇರೆ ಕೆಲಸ ಎಷ್ಟು ಬೇಕಾದರೂ ಕೊಡಿ. ಕರೋಕೆ ಟ್ರ್ಯಾಕ್‌ಗಳನ್ನೆಲ್ಲ ಸರದಿ ಪ್ರಕಾರ ಜೋಡಿಸಿ, ಫೋನ್ ಸ್ಪೀಕರ್ ಎರಡೂ ನಾನೇ ನೋಡಿಕೊಳ್ಳುತ್ತೇನೆ. ಹಾಡುವವರು ಶುಕ್ರವಾರದೊಳಗೆ ನನಗೆ ಹಾಡಿನ ಹೆಸರು ಕಳಿಸಲಿ. ಕೊನೆಗೆ ಎಲ್ಲರೂ ಸೇರಿ ಹಾಡುವುದಿದೆಯಲ್ಲ, ಅದರಲ್ಲಿ ಖಂಡಿತ ಇರುತ್ತೇನೆ, ಗುಂಪಿನಲ್ಲಿ ನನಗೆ ಏನೂ ಆಗಲ್ಲ. ಅಂತ್ಯಾಕ್ಷರಿ ಆಡಿದರೆ ನಿಮ್ಮ ತಂಡಕ್ಕೇ ಸೇರಿಸಿಕೊಳ್ಳಿ, ಯಾವ ಅಕ್ಷರ ಬಂದರೂ ಹಾಡು ನೆನಪು ಮಾಡಿಕೊಡುವುದು ನನ್ನ ಜವಾಬ್ದಾರಿ, ಎದ್ದು ಹಾಡುವುದು ನಿಮ್ಮದು.

ಒಂದೇ ಒಂದು ಸಹಾಯ ಮಾಡಿ ಅತ್ತಿಗೆ. ಅಲ್ಲಿ ಯಾರಾದರೂ, ಬಹುಶಃ ಚಿಕ್ಕಮ್ಮನೇ, "ನೀನೂ ಒಂದು ಹಾಡು ಹೇಳು" ಅಂತ ಪಟ್ಟು ಹಿಡಿದರೆ ನಾನು ನಗುತ್ತಾ "ಇವತ್ತು ನಾನು ಚಪ್ಪಾಳೆ ಪಾರ್ಟಿ, ಮುಂದಿನವರು ಬನ್ನಿ" ಅಂತ ಹೇಳುತ್ತೇನೆ. ಆ ಕ್ಷಣಕ್ಕೇ ನೀವು ಮುಂದಿನ ಹೆಸರು ಕೂಗಿಬಿಡಿ. ಎರಡನೇ ಸಲ ಕೇಳುವಷ್ಟು ಹೊತ್ತು ಸಿಗಬಾರದು, ಎಲ್ಲರೂ ಒಟ್ಟಿಗೆ ಒತ್ತಾಯ ಮಾಡಲು ಶುರು ಮಾಡುವುದು ಅಲ್ಲೇ.

ರಾತ್ರಿ ಪಾಪು ನಿದ್ದೆಗೆ ಹಠ ಮಾಡಿದರೆ ನನ್ನ ಕೈಗೆ ಕೊಡಿ. ಒಳಗೆ ಕರೆದುಕೊಂಡು ಹೋಗಿ ಅದೇ ಹಾಡು ಹಾಡುತ್ತೇನೆ. ನೀವು ಬಾಗಿಲ ಹೊರಗೆ ನಿಂತು ಕೇಳಿ, ಆದರೆ ಅಣ್ಣನನ್ನು ಬಿಟ್ಟು ಬೇರೆ ಯಾರನ್ನೂ ಕರೆದುಕೊಂಡು ಬರಬೇಡಿ.